ಗುರುವಾಗಿ ಅಂತ ಕೇಳಬೇಡಿ, ಮೊದಲು ಒಂದು ಪ್ರಶ್ನೆ ಕೇಳಿ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮಲ್ಲಿ ಕಲಿತ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿ ಮುಂದೆ ಎಂತ ಮಾಡುವುದು ಅಂತ ಗೊತ್ತಾಗದೆ ಕೂತಿದ್ದ. ಅವನ ಉಮ್ಮ ಬಂದು, "ಉಸ್ತಾದರೇ, ನಿಮಗೆ ಗೊತ್ತಿರುವ ದೊಡ್ಡವರು ಯಾರಾದರೂ ಇದ್ದರೆ ಒಂದು ಮಾತು ಹೇಳಿ" ಅಂದರು. ಗಲ್ಫ್‌ನಲ್ಲಿ ಇಂಜಿನಿಯರ್ ಆಗಿದ್ದ ಊರಿನ ಹಿರಿಯರೊಬ್ಬರ ನಂಬರ್ ನಮ್ಮಲ್ಲಿತ್ತು. ಫೋನ್ ಮಾಡಿ, "ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ" ಅಂದೆವು. ಅವರು, "ಆಯ್ತು ಉಸ್ತಾದರೇ, ಇನ್ಶಾ ಅಲ್ಲಾಹ್" ಅಂದರು.

ಆಮೇಲೆ ಏನೂ ಆಗಲಿಲ್ಲ. ಹುಡುಗ ಮೂರು ಸಲ ಸಲಾಂ ಕಳಿಸಿದ, ಅವರು ಮೂರು ಸಲ ಸಲಾಂ ಮಡಗಿದರು, ಅಷ್ಟೇ. ಅವರು ಏನೋ ಮಾಡುತ್ತಾರೆ ಅಂತ ಕಾದು ಅವನು ಸುಮಾರು ಒಂದು ವರ್ಷ ಕಳೆದ. ಮುಂದೆ ಒಂದು ಮದುವೆಯಲ್ಲಿ ಆ ಹಿರಿಯರು ನಮಗೆ ಸಿಕ್ಕಾಗ ಅವರೇ ವಿಷಯ ಎತ್ತಿದರು. "ಉಸ್ತಾದರೇ, ನೀವು ಕೇಳಿದರೆ ನನಗೆ ಇಲ್ಲ ಅನ್ನಲಿಕ್ಕೆ ಆಗುವುದಿಲ್ಲ. ಆದರೆ ಅವನಿಗೆ ಎಂತ ಬೇಕು ಅಂತ ನೀವೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ನಾನು ಎಂತ ಮಾಡಬೇಕಿತ್ತು?"

ತಪ್ಪು ನಮ್ಮದೇ. ನಾವು ಕೇಳಿದ್ದಕ್ಕೆ ಇಲ್ಲ ಅನ್ನುವುದೂ ಕಷ್ಟ, ಹೌದು ಅಂದ ಮೇಲೆ ಮಾಡುವುದೂ ಕಷ್ಟ. ಪರಿಚಯ ಇಲ್ಲದ ಹಿರಿಯರಲ್ಲಿ ಮಾರ್ಗದರ್ಶನ ಕೇಳುವಾಗ ಇದು ತಿರುಗುಮುರುಗು ಆಗಬೇಕು. ಇಲ್ಲ ಅನ್ನಲಿಕ್ಕೂ ಸುಲಭ ಇರಬೇಕು, ಹೌದು ಅಂದರೆ ಐದು ನಿಮಿಷದಲ್ಲಿ ಮಾಡಿ ಮುಗಿಸಲಿಕ್ಕೂ ಸುಲಭ ಇರಬೇಕು. ಇದನ್ನು ನಮಗೆ ಸರಿಯಾಗಿ ತೋರಿಸಿಕೊಟ್ಟದ್ದು ನಮ್ಮ ಇನ್ನೊಬ್ಬ ವಿದ್ಯಾರ್ಥಿನಿ.

ಮೊದಲ ಸಂದೇಶ ಮತ್ತು ಎರಡನೆಯದು

ಈ ಹುಡುಗಿ ಬಂಟ್ವಾಳ ಕಡೆಯವಳು. ಉಪ್ಪನಿಗೆ ಸಣ್ಣ ದಿನಸಿ ಅಂಗಡಿ. ಸಿ.ಎ. ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದಳು. ಸಿ.ಎ. ಆಗಬೇಕಾದರೆ ಪರೀಕ್ಷೆ ಮಾತ್ರ ಸಾಲದು, ಪ್ರಾಕ್ಟೀಸ್ ಮಾಡುವ ಸಿ.ಎ. ಒಬ್ಬರ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡಬೇಕು. ಮೊದಲು ಇದು ಮೂರು ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷ ಆಗಿದೆ. ಇವಳಿಗೆ ಎರಡು ಕಡೆ ಅವಕಾಶ ಸಿಕ್ಕಿತ್ತು. ಒಂದು ಮಂಗಳೂರಿನ ಸಣ್ಣ ಆಫೀಸು, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ಇನ್ನೊಂದು ಬೆಂಗಳೂರಿನ ದೊಡ್ಡ ಆಫೀಸು, ಹಾಸ್ಟೆಲ್ ಖರ್ಚು ಉಂಟು. ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ, ಆ ಕುಟುಂಬದಲ್ಲಿ ಈ ದಾರಿ ಹಿಡಿದವಳು ಇವಳೇ ಮೊದಲು.

ಊರಿನ ಶಿಕ್ಷಣ ಶಿಬಿರವೊಂದರಲ್ಲಿ ದುಬೈಯಲ್ಲಿರುವ ಹಿರಿಯ ಸಿ.ಎ. ಒಬ್ಬರು ಮಾತಾಡಿದ್ದರು. ಇವಳು ಅವರಿಗೆ ಬರೆದ ಮೊದಲ ಸಂದೇಶ ಹೀಗಿತ್ತು: "ಅಸ್ಸಲಾಮು ಅಲೈಕುಂ ಸರ್. ನಾನು ಸಿ.ಎ. ವಿದ್ಯಾರ್ಥಿನಿ. ನೀವು ನನ್ನ ಮೆಂಟರ್ ಆಗ್ತೀರಾ? ನನಗೆ ಗೈಡ್ ಮಾಡಿ ಪ್ಲೀಸ್." ಕಳಿಸುವ ಮೊದಲು ನಮಗೆ ತೋರಿಸಿದಳು. ಮದುವೆಮನೆಯ ಆ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇತ್ತು. "ಇದನ್ನು ಓದಿದವರಿಗೆ ಎಂತ ಮಾಡಬೇಕು ಅಂತ ಗೊತ್ತಾಗುತ್ತದಾ?" ಅಂತ ಕೇಳಿದೆವು. ಅವಳು ಯೋಚಿಸಿ, "ಇಲ್ಲ ಉಸ್ತಾದರೇ" ಅಂದಳು.

ಮೆಂಟರ್ ಆಗಿ ಅಂದರೆ ಎಷ್ಟು ದಿನ, ವಾರಕ್ಕೆ ಎಷ್ಟು ಹೊತ್ತು, ಯಾವ ವಿಷಯ, ಒಂದಕ್ಕೂ ಗಡಿ ಇಲ್ಲ. ಮುಖ ನೋಡದವರಿಗೆ ಬರೆಯದ ಚೆಕ್ಕಿಗೆ ಸಹಿ ಹಾಕಿ ಅಂದ ಹಾಗೆ. ಒಳ್ಳೆಯ ಮನುಷ್ಯನೂ, "ಆಮೇಲೆ ನೋಡುವ" ಅಂತ ಫೋನ್ ಕೆಳಗಿಡುತ್ತಾನೆ. ಆ ಆಮೇಲೆ ಬರುವುದೇ ಇಲ್ಲ.

ಎರಡು ದಿನ ಕೂತು ಅವಳು ಬೇರೆ ಬರೆದಳು. ಅವಳ ಒಪ್ಪಿಗೆಯಿಂದ ಇಲ್ಲಿ ಕೊಡುತ್ತೇವೆ:

"ಅಸ್ಸಲಾಮು ಅಲೈಕುಂ ಸರ್. ನಾನು ಬಂಟ್ವಾಳ ಕಡೆಯವಳು, ಸಿ.ಎ. ಇಂಟರ್ ಎರಡೂ ಗ್ರೂಪ್ ಪಾಸಾಗಿದ್ದೇನೆ. ತಮ್ಮ ನಂಬರ್ ಶಿಬಿರದ ಸಂಘಟಕರು ತಮ್ಮಲ್ಲಿ ಕೇಳಿಯೇ ಕೊಟ್ಟರು. ತಾವು ಸಣ್ಣ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡಿ ಮುಂದೆ ಕಂಪೆನಿ ಆಡಿಟ್‌ಗೆ ಹೋದೆ ಅಂತ ಶಿಬಿರದಲ್ಲಿ ಹೇಳಿದ್ದಿರಿ. ನನಗೂ ಅದೇ ಆಸೆ. ಮಂಗಳೂರಿನ ಸಣ್ಣ ಆಫೀಸು, ಬೆಂಗಳೂರಿನ ದೊಡ್ಡ ಆಫೀಸು ಎರಡರಲ್ಲೂ ಅವಕಾಶ ಇದೆ. ಎರಡೂ ಕಡೆ ಈಗ ಕೆಲಸ ಕಲಿಯುತ್ತಿರುವವರ ಹತ್ತಿರ ಮಾತಾಡಿದೆ. ಖರ್ಚು ನೋಡಿ ಮಂಗಳೂರು ಅಂತ ಅಂದುಕೊಂಡಿದ್ದೇನೆ. ಸಣ್ಣ ಆಫೀಸು ಸೇರುವ ಮೊದಲು ಅವರಲ್ಲಿ ನಾನು ಕೇಳಲೇಬೇಕಾದ ಒಂದು ಪ್ರಶ್ನೆ ಯಾವುದು? ಎರಡು ಸಾಲು ಸಾಕು. ಈ ತಿಂಗಳ 20ರೊಳಗೆ ತೀರ್ಮಾನ ಹೇಳಬೇಕು. ಸಮಯ ಇಲ್ಲದಿದ್ದರೆ ಖಂಡಿತ ಬೇಸರ ಇಲ್ಲ."

ಮರುದಿನ ರಾತ್ರಿ ಎರಡು ನಿಮಿಷದ ವಾಯ್ಸ್ ಬಂತು. "ಕಳೆದ ವರ್ಷ ಎಷ್ಟು ಕಂಪೆನಿ ಆಡಿಟ್ ಮಾಡಿದ್ದಾರೆ, ಹೊಸಬರನ್ನು ಯಾವ ತಿಂಗಳಿಂದ ಆಡಿಟ್‌ಗೆ ಕರೆದುಕೊಂಡು ಹೋಗುತ್ತಾರೆ ಅಂತ ಕೇಳು. ಎರಡು ವರ್ಷವೂ ಜಿಎಸ್‌ಟಿ ರಿಟರ್ನ್ ತುಂಬಿಸುವುದೇ ಆದರೆ ಖರ್ಚಾದರೂ ಬೆಂಗಳೂರು ವಾಸಿ" ಅಂತ ಅದರ ಸಾರ.

ಆ ಸಂದೇಶದಲ್ಲಿ ಎಂತ ಇತ್ತು?

ಮೊದಲನೆಯದು, ನಿಮ್ಮನ್ನೇ ಯಾಕೆ ಅನ್ನುವುದಕ್ಕೆ ಕಾರಣ. "ನೀವು ದೊಡ್ಡವರು" ಅನ್ನುವುದು ಕಾರಣ ಅಲ್ಲ, ಅದನ್ನು ಯಾರಿಗೂ ಬರೆಯಬಹುದು. ಅವರು ಸಣ್ಣ ಆಫೀಸಿನಿಂದ ಮೇಲೆ ಬಂದವರು, ಇವಳ ಪ್ರಶ್ನೆಯೂ ಅದೇ. ಹಾಗಾಗಿ ಉತ್ತರ ಹುಡುಕಲಿಕ್ಕೆ ಅವರು ಎಲ್ಲೂ ಹೋಗಬೇಕಾಗಿರಲಿಲ್ಲ, ಅವರ ಜೀವನದಲ್ಲೇ ಇತ್ತು.

ಎರಡನೆಯದು, ತನ್ನ ಕೈಲಾದದ್ದನ್ನು ಮಾಡಿಯೇ ಬಂದಿದ್ದಳು. ಎರಡೂ ಕಡೆ ವಿಚಾರಿಸಿ, ತನ್ನ ತೀರ್ಮಾನ ಯಾವ ಕಡೆ ಅಂತಲೂ ಹೇಳಿದ್ದಳು. "ನಾನು ಎಂತ ಮಾಡಲಿ?" ಅಂದರೆ ಎದುರಿನವರು ಸೊನ್ನೆಯಿಂದ ಶುರು ಮಾಡಬೇಕು. "ನಾನು ಹೀಗೆ ಅಂದುಕೊಂಡಿದ್ದೇನೆ, ಎಲ್ಲಿ ಎಡವುತ್ತೇನೆ?" ಅಂದರೆ ಅವರು ತಿದ್ದಿದರೆ ಸಾಕು. ಇಡೀ ತೀರ್ಮಾನದ ಹೊಣೆಯೂ ಅವರ ತಲೆಗೆ ಬರುವುದಿಲ್ಲ.

ಮೂರನೆಯದು, ಕೊನೆಯಲ್ಲಿ ಬಾಗಿಲು ತೆರೆದಿಟ್ಟದ್ದು. ಬೇಸರ ಇಲ್ಲ ಅಂತ ಒಂದು ಮಾತು ಇದ್ದರೆ ಹೌದು ಅಂದವರು ಮನಸ್ಸಿನಿಂದ ಹೌದು ಅಂದಿರುತ್ತಾರೆ. ನಮ್ಮಲ್ಲಿ ಉಸ್ತಾದರು, ಜಮಾಅತ್‌ನ ಅಧ್ಯಕ್ಷರು, ಮಾಮ, ಕಾಕ ಅಂತ ದೊಡ್ಡವರ ಬಾಯಿಂದ ಹೇಳಿಸುವ ಅಭ್ಯಾಸ ಜಾಸ್ತಿ. ಅವರಿಂದ ನಂಬರ್ ಪಡೆಯಿರಿ, ಅದೂ ಆ ಹಿರಿಯರ ಒಪ್ಪಿಗೆ ಕೇಳಿಯೇ. ಆದರೆ ಪ್ರಶ್ನೆ ಮಾತ್ರ ಮಕ್ಕಳೇ ಬರೆಯಲಿ. ಶಿಫಾರಸಿನ ಭಾರಕ್ಕೆ ಬಂದ ಹೌದು ಎಷ್ಟು ದಿನ ಬಾಳುತ್ತದೆ ಅಂತ ನಾವು ಮೇಲೆ ಹೇಳಿದ್ದೇವೆ.

ಮೊದಲ ಸಲ ಎಷ್ಟು ಕೇಳಬಹುದು?

ಇದಕ್ಕೆ ನಮ್ಮ ಅಳತೆ ಒಂದೇ. ಆ ಮನುಷ್ಯ ಹೋಟೆಲಿನಲ್ಲಿ ಚಾ ಬರುವುದನ್ನು ಕಾಯುತ್ತಾ, ಯಾವ ಫೈಲೂ ತೆರೆಯದೆ, ಯಾರನ್ನೂ ವಿಚಾರಿಸದೆ ಮೊಬೈಲ್‌ನಲ್ಲೇ ಉತ್ತರಿಸಬಹುದಾ? ಆಗುತ್ತದೆ ಅಂದರೆ ಅದು ಮೊದಲ ಸಲಕ್ಕೆ ಸರಿಯಾದ ಪ್ರಶ್ನೆ. ಬರೆದು ಉತ್ತರಿಸಲಾಗದ ವಿಷಯವಾದರೆ ಹದಿನೈದು ನಿಮಿಷದ ಒಂದು ಫೋನ್, ಅದೂ ಅವರು ಹೇಳಿದ ಸಮಯಕ್ಕೆ. ಅದಕ್ಕಿಂತ ಮೇಲೆ ಬೇಡ.

ಬಯೋಡೇಟಾ ತಿದ್ದಿಕೊಡಿ ಅನ್ನುವುದು ಸಣ್ಣದು ಅಂತ ಕಾಣುತ್ತದೆ, ಆದರೆ ಅರ್ಧ ಗಂಟೆಯ ಕೆಲಸ. ಕೆಲಸ ಕೊಡಿಸಿ, ನಿಮ್ಮ ಕಂಪೆನಿಯಲ್ಲಿ ಹೆಸರು ಹೇಳಿ ಅನ್ನುವುದು ಇನ್ನೂ ದೊಡ್ಡದು. ಅಲ್ಲಿ ಅವರು ಕೊಡುವುದು ಸಮಯ ಅಲ್ಲ, ತಮ್ಮ ಹೆಸರು. ನಿಮ್ಮ ಕೆಲಸ ನೋಡದೆ ಹೆಸರು ಕೊಡುವುದು ಹೇಗೆ? ಮಾರ್ಗದರ್ಶನ ಕೇಳುವ ನೆಪದಲ್ಲಿ ಕೆಲಸ ಕೇಳುವವರನ್ನು ಹಿರಿಯರು ಎರಡನೇ ಸಾಲಿನಲ್ಲೇ ಗುರುತಿಸುತ್ತಾರೆ. ಕೆಲಸವೇ ಬೇಕಿದ್ದರೆ ಅದನ್ನೇ ನೇರ ಹೇಳುವುದು ಮೇಲು.

ಸೂರಃ ಅಲ್ ಕಹ್ಫ್‌ನಲ್ಲಿ ಮೂಸಾ ನಬಿ ಖಿಳ್ರ್‌ರನ್ನು ಕಲಿಸಿಕೊಡಿ ಅಂತ ಕೇಳುವ ಸಂದರ್ಭ ನಾವು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇವೆ. ಅಲ್ಲಿ ಅವರು ಅಪ್ಪಣೆ ಕೇಳುವ ರೀತಿಯಲ್ಲಿ ಕೇಳುತ್ತಾರೆ, ಎಲ್ಲವನ್ನೂ ಕಲಿಸಿ ಅನ್ನದೆ ನಿಮಗೆ ಕಲಿಸಲಾದದ್ದರಿಂದ ಸ್ವಲ್ಪ ಅನ್ನುವ ಅರ್ಥದ ಪದ ಬಳಸುತ್ತಾರೆ ಅಂತ ಮುಫಸ್ಸಿರರು ಗಮನಿಸಿದ್ದಾರೆ.

ಉತ್ತರ ಬಂದ ಮೇಲೆ

ಹೆಚ್ಚಿನ ಮಕ್ಕಳು ಎಡವುವುದು ಇಲ್ಲಿ. ಉತ್ತರ ಬಂದ ಕೂಡಲೇ "ಜಝಾಕಲ್ಲಾಹ್ ಸರ್" ಅಂತ ಹಾಕಿ, ಕೆಳಗೆ ಇನ್ನೂ ಐದು ಪ್ರಶ್ನೆ ಇಡುತ್ತಾರೆ. ಈ ಹುಡುಗಿ ಹಾಗೆ ಮಾಡಲಿಲ್ಲ. ಹೋಗಿ ಮಂಗಳೂರಿನ ಆಫೀಸಿನಲ್ಲಿ ಅದೇ ಪ್ರಶ್ನೆ ಕೇಳಿದಳು. ಮೊದಲ ಐದು ತಿಂಗಳು ರಿಟರ್ನ್ ಕೆಲಸ, ಆರನೇ ತಿಂಗಳಿಂದ ಆಡಿಟ್‌ಗೆ ಕರೆದುಕೊಂಡು ಹೋಗುತ್ತೇವೆ ಅಂದರು. ಅಲ್ಲಿಗೇ ಸೇರಿ, ಅವರಿಗೆ ಮೂರು ಸಾಲು ಬರೆದಳು: ನೀವು ಹೇಳಿದ ಹಾಗೆ ಕೇಳಿದೆ, ಹೀಗೆ ಅಂದರು, ಅದಕ್ಕೆ ಸೇರಿದೆ. ಹೊಸ ಪ್ರಶ್ನೆ ಒಂದೂ ಇಲ್ಲ.

ಆರನೇ ತಿಂಗಳು ಮೊದಲ ಆಡಿಟ್‌ಗೆ ಹೋಗುವ ಮುಂಚೆ ಎರಡನೇ ಸಲ ಕೇಳಿದಳು, ಈ ಸಲ ಹದಿನೈದು ನಿಮಿಷದ ಫೋನ್. ಕೇಳಬೇಕಾದ ಮೂರು ವಿಷಯ ಮೊದಲೇ ಬರೆದು ಕಳಿಸಿದಳು. ಹದಿನಾಲ್ಕನೇ ನಿಮಿಷಕ್ಕೆ ತಾನೇ, "ಸರ್, ಸಮಯ ಆಯಿತು" ಅಂದಳಂತೆ. ಅವರು ನಕ್ಕು ಮತ್ತೆ ಹತ್ತು ನಿಮಿಷ ಮಾತಾಡಿದರಂತೆ. ಈಗ ಎರಡು ಮೂರು ತಿಂಗಳಿಗೊಮ್ಮೆ ಮಾತು ಉಂಟು. ಮೆಂಟರ್ ಅನ್ನುವ ಪದವನ್ನು ಇಬ್ಬರೂ ಇವತ್ತಿನವರೆಗೆ ಎತ್ತಿಲ್ಲ.

ಹೆಣ್ಣುಮಕ್ಕಳ ಮನೆಯವರಿಗೆ ಒಂದು ಮಾತು. ಬಂದ ವಾಯ್ಸ್ ಉಮ್ಮನಿಗೂ ಕೇಳಿಸಿದ್ದಳು, ಫೋನನ್ನು ಮನೆಯಲ್ಲಿ ಸ್ಪೀಕರ್ ಇಟ್ಟೇ ಮಾತಾಡಿದಳು. ಅದನ್ನು ಅವರಿಗೂ ಮೊದಲೇ ಹೇಳಿದ್ದಳು. ಮನೆಯವರಿಗೆ ಹೇಳಬೇಡ ಅನ್ನುವವರು, ಹಣ ಕೇಳುವವರು ಯಾರಾದರೂ ಇದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

ಉತ್ತರವೇ ಬರದಿದ್ದರೆ?

ಚೆನ್ನಾಗಿ ಬರೆದರೂ ಬರದಿರಬಹುದು. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿಯದ್ದು ಎರಡೂವರೆ ಗಂಟೆ ಹಿಂದೆ. ನಮ್ಮ ಬೆಳಿಗ್ಗೆ ಏಳಕ್ಕೆ ಕಳಿಸಿದರೆ ಅವರು ನಿದ್ದೆಯಲ್ಲಿ, ಎದ್ದು ನೋಡುವಾಗ ಅದು ಐವತ್ತು ಸಂದೇಶಗಳ ಅಡಿಯಲ್ಲಿ. ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ, ಒಂದು ಸಾಲಿನಲ್ಲಿ. ಆಮೇಲೂ ಬರದಿದ್ದರೆ ಬಿಡಿ, ಇನ್ನೊಬ್ಬರಿಗೆ ಹೊಸದಾಗಿ ಬರೆಯಿರಿ. ಒಂದೇ ಸಂದೇಶವನ್ನು ಹತ್ತು ಜನರಿಗೆ ಫಾರ್ವರ್ಡ್ ಮಾಡಬೇಡಿ, ಗಲ್ಫ್‌ನಲ್ಲಿ ನಮ್ಮವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು.

ಆ ಡಿಪ್ಲೊಮಾ ಹುಡುಗ ಈಗ ಬೇರೆ ದಾರಿ ಹಿಡಿದಿದ್ದಾನೆ, ದುಡಿಯುತ್ತಿದ್ದಾನೆ. ಹೋದ ವರ್ಷ ತಮ್ಮನನ್ನು ಕರೆದುಕೊಂಡು ಬಂದು, "ಉಸ್ತಾದರೇ, ಇವನಿಗೂ ಯಾರಿಗಾದರೂ ಹೇಳಿ" ಅಂದ. ನಾವು ತಮ್ಮನ ಕೈಗೆ ಪೆನ್ನು, ಕಾಗದ ಕೊಟ್ಟು, "ನೀನು ಕೇಳಬೇಕಾದ ಒಂದು ಪ್ರಶ್ನೆ ಬರೆ, ಆಮೇಲೆ ನಂಬರ್ ಕೇಳಿ ಕೊಡುತ್ತೇವೆ" ಅಂದೆವು. ಬರೆಯಲಿಕ್ಕೆ ಅವನಿಗೆ ಅಸರ್ ತನಕ ಬೇಕಾಯಿತು.