ಏಳೂ ಮುಕ್ಕಾಲು ಯೂನಿಟ್ ಸುರಿದರೂ ಅರ್ಧ ಯೂನಿಟ್ ಮರಳದ ಲೆಕ್ಕ

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವವರ ಥರ್ಮೊಡೈನಾಮಿಕ್ಸ್ ಅಸೈನ್‌ಮೆಂಟಿನಲ್ಲಿ ಲೆಕ್ಕ ಶುರುವಾಗುವ ಮೊದಲು ಒಂದು ಪುಟ್ಟ ಪಟ್ಟಿ ಇರುತ್ತದೆ. ಎಂಜಿನ್ ಒಂದೇ ಹದದಲ್ಲಿ ನಡೆಯುತ್ತಿದೆ, ಪೈಪುಗಳಿಂದ ಶಾಖ ಸೋರುವುದಿಲ್ಲ, ಶಾಖ ಕೊಡುವ ಮೂಲದ ಉಷ್ಣತೆ ಬದಲಾಗುವುದಿಲ್ಲ ಎಂಬಂಥ ಸಾಲುಗಳು. ಲೆಕ್ಕ ಮಾಡುವವರು ಒಪ್ಪಿಕೊಂಡು ಹೊರಡುವ ಗೃಹೀತಗಳು ಇವು. ಹಿರಿಯ ವಿದ್ಯಾರ್ಥಿಗಳ ನೋಟ್‌ಬುಕ್‌ನಿಂದ ಇವನ್ನು ಹಾಗೆಯೇ ಇಳಿಸಿಕೊಂಡು ಮುಂದೆ ಹೋಗುವವರೇ ಹೆಚ್ಚು. ಆದರೆ ಈ ಪಟ್ಟಿಯ ಒಂದೇ ಒಂದು ಸಾಲು ತಪ್ಪಾದರೆ ಸೂತ್ರವೆಲ್ಲ ಸರಿಯಿದ್ದೂ ಉತ್ತರ ಎರಡು ಪಟ್ಟು ತಪ್ಪಾಗಬಹುದು. ಅದು ಹೇಗೆಂದು ತಿಳಿಯಲು ಎರಡು ಲೆಕ್ಕ ಸಾಕು. ಒಂದು ವಿದ್ಯುತ್ ಸ್ಥಾವರದ್ದು, ಇನ್ನೊಂದು ಗೀಸರಿನದ್ದು.

ರಾಯಚೂರು ಬಳಿಯ ಶಕ್ತಿನಗರದಲ್ಲಿ ಕೃಷ್ಣಾ ನದಿಯ ದಂಡೆಯ ಮೇಲೆ ಇರುವ ಶಾಖೋತ್ಪನ್ನ ಕೇಂದ್ರದಲ್ಲಿ 210 ಮೆಗಾವಾಟ್ ಸಾಮರ್ಥ್ಯದ ಘಟಕಗಳಿವೆ. ಈ ಗಾತ್ರದ ಘಟಕಗಳಲ್ಲಿ ಕಲ್ಲಿದ್ದಲಿನ ಬೆಂಕಿ ನೀರನ್ನು ಆವಿಯಾಗಿಸುತ್ತದೆ, ಸುಮಾರು 540 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಆವಿ ಟರ್ಬೈನ್ ತಿರುಗಿಸುತ್ತದೆ, ಕೆಲಸ ಮುಗಿದ ಆವಿ ಕಂಡೆನ್ಸರಿನಲ್ಲಿ ತಣ್ಣಗಾಗಿ ಮತ್ತೆ ನೀರಾಗುತ್ತದೆ. ಅಸೈನ್‌ಮೆಂಟಿಗಾಗಿ ಇದನ್ನು ಸರಳಗೊಳಿಸಿ ಹೀಗೆ ಕೇಳಬಹುದು: ಒಂದು ಎಂಜಿನ್ 540 ಡಿಗ್ರಿಯ ಮೂಲದಿಂದ 600 ಮೆಗಾವಾಟ್ ಶಾಖ ಪಡೆದು 210 ಮೆಗಾವಾಟ್ ಕೆಲಸ ಕೊಡುತ್ತದೆ. ಉಳಿದ 390 ಮೆಗಾವಾಟ್ ಶಾಖವನ್ನು 30 ಡಿಗ್ರಿಯ ನೀರಿಗೆ ಬಿಡುತ್ತದೆ. ಇದು ಎಷ್ಟು ಒಳ್ಳೆಯ ಎಂಜಿನ್? ಇದಕ್ಕಿಂತ ಹೆಚ್ಚು ಕೆಲಸ ತೆಗೆಯಲು ಸಾಧ್ಯವೇ?

ಮೊದಲ ಉತ್ತರ ಸುಲಭ. 210ನ್ನು 600ರಿಂದ ಭಾಗಿಸಿದರೆ ದಕ್ಷತೆ ಶೇ 35. ಎರಡನೇ ಪ್ರಶ್ನೆಗೆ ಉತ್ತರದ ದಾರಿ ತೋರಿಸಿದವನು ಫ್ರಾನ್ಸಿನ ಸಾದಿ ಕಾರ್ನೊ. 1824ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ ಅವನು ಪ್ರಕಟಿಸಿದ ಪುಟ್ಟ ಪುಸ್ತಕದ ತಿರುಳು ಇದು: ಎಂಜಿನಿನಿಂದ ಸಿಗಬಹುದಾದ ಗರಿಷ್ಠ ಕೆಲಸ ಅದರೊಳಗೆ ಆವಿ ಇದೆಯೋ ಗಾಳಿ ಇದೆಯೋ ಎಂಬುದನ್ನು ಅವಲಂಬಿಸಿಲ್ಲ, ಶಾಖ ಬರುವ ಮತ್ತು ಹೋಗುವ ಉಷ್ಣತೆಗಳನ್ನು ಮಾತ್ರ ಅವಲಂಬಿಸಿದೆ. ಇಂದಿನ ರೂಪದಲ್ಲಿ ಆ ಮಿತಿ ಹೀಗಿದೆ:

η = 1 − T₂/T₁

ಇಲ್ಲಿ T₁ ಬಿಸಿ ಮೂಲದ ಉಷ್ಣತೆ, T₂ ತಣ್ಣನೆಯ ಕಡೆಯದು. ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲಿಯೇ. ಪ್ರಶ್ನೆಯಲ್ಲಿ ಕೊಟ್ಟಂತೆ 30 ಮತ್ತು 540 ಹಾಕಿದರೆ ಮಿತಿ ಶೇ 94 ಎಂದು ಬರುತ್ತದೆ. ಅಂಥ ದಕ್ಷತೆಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಭೂಮಿಯ ಮೇಲೆ ಎಲ್ಲೂ ಇಲ್ಲ, ಆದ್ದರಿಂದ ಆ ಸಂಖ್ಯೆ ಕಂಡಕೂಡಲೇ ಅನುಮಾನ ಮೂಡಬೇಕು. ಸೆಲ್ಸಿಯಸ್ ಮಾಪಕದ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದು, ಶಾಖದ ಸೊನ್ನೆಯಲ್ಲ. 273 ಕೂಡಿಸಿ ಕೆಲ್ವಿನ್ನಿಗೆ ತಂದರೆ ಉಷ್ಣತೆಗಳು 813 ಮತ್ತು 303 ಆಗುತ್ತವೆ, ಮಿತಿ ಶೇ 62.7ಕ್ಕೆ ಇಳಿಯುತ್ತದೆ. ಅಂದರೆ 600 ಮೆಗಾವಾಟ್ ಶಾಖದಿಂದ ಅತಿ ಹೆಚ್ಚೆಂದರೆ 376 ಮೆಗಾವಾಟ್ ತೆಗೆಯಬಹುದಿತ್ತು. ಸಿಕ್ಕಿದ್ದು 210. ನಡುವಿನ 166 ಮೆಗಾವಾಟ್ ಎಲ್ಲಿ ಹೋಯಿತು?

ಶಕ್ತಿಯ ಲೆಕ್ಕದಲ್ಲಿ ಏನೂ ಕಳೆದುಹೋಗಿಲ್ಲ. 210 ಮತ್ತು 390 ಸೇರಿದರೆ ಸರಿಯಾಗಿ 600. ಹಾಗಾಗಿ ಶಕ್ತಿಯನ್ನಷ್ಟೇ ಎಣಿಸುವವರಿಗೆ ಈ ಪ್ರಶ್ನೆ ಕಾಣುವುದೇ ಇಲ್ಲ. ಅದನ್ನು ಕಾಣಿಸುವ ಇನ್ನೊಂದು ಜಮಾಖರ್ಚಿನ ಪುಸ್ತಕವನ್ನು ತೆರೆದವನು ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್. 1865ರಲ್ಲಿ ಅವನು ಅದರಲ್ಲಿ ಎಣಿಸುವ ರಾಶಿಗೆ ಎಂಟ್ರೊಪಿ ಎಂದು ಹೆಸರಿಟ್ಟ. ಎಣಿಸುವ ಬಗೆ ಸರಳ. ಒಂದು ಉಷ್ಣತೆಯಲ್ಲಿ ಶಾಖ ಹರಿದರೆ, ಆ ಶಾಖವನ್ನು ಆ ಉಷ್ಣತೆಯಿಂದ ಭಾಗಿಸಬೇಕು. ಅಷ್ಟೇ ಶಾಖ ಹೆಚ್ಚು ಉಷ್ಣತೆಯಲ್ಲಿ ಹರಿದರೆ ಎಂಟ್ರೊಪಿ ಕಡಿಮೆ, ಕಡಿಮೆ ಉಷ್ಣತೆಯಲ್ಲಿ ಹರಿದರೆ ಹೆಚ್ಚು. ಟರ್ಬೈನಿನ ದಂಡ ತಿರುಗುವ ಕೆಲಸಕ್ಕಾಗಲಿ ವಿದ್ಯುತ್ತಿಗಾಗಲಿ ಎಂಟ್ರೊಪಿ ಇಲ್ಲ.

ನಮ್ಮ ಎಂಜಿನಿಗೆ ಬಿಸಿ ಕಡೆಯಿಂದ ಪ್ರತಿ ಸೆಕೆಂಡಿಗೆ ಬರುವ ಎಂಟ್ರೊಪಿ 600/813, ಅಂದರೆ ಕೆಲ್ವಿನ್ನಿಗೆ 0.738 ಮೆಗಾಜೂಲ್. ತಣ್ಣನೆಯ ಕಡೆಗೆ ಹೋಗುವುದು 390/303, ಅಂದರೆ 1.287. ಎಂಜಿನ್ ಸುತ್ತು ಮುಗಿಸಿ ಪ್ರತಿ ಸಲವೂ ಮೊದಲಿನ ಸ್ಥಿತಿಗೇ ಬರುತ್ತದೆ ಎಂಬ ಗೃಹೀತದಿಂದಾಗಿ ಅದರೊಳಗೆ ಎಂಟ್ರೊಪಿ ಕೂಡಿಬೀಳುವಂತಿಲ್ಲ. ಬಂದದ್ದಕ್ಕಿಂತ ಹೋದದ್ದು 0.549 ಹೆಚ್ಚಿದೆ ಎಂದಮೇಲೆ ಅಷ್ಟು ಎಂಟ್ರೊಪಿ ದಾರಿಯಲ್ಲಿ ಹೊಸದಾಗಿ ಹುಟ್ಟಿದೆ. ಟರ್ಬೈನಿನ ಎಲೆಗಳ ಮೇಲೆ ಆವಿ ಉಜ್ಜಿ ಸಾಗುವುದು, ಉಷ್ಣತೆಯ ದೊಡ್ಡ ಅಂತರವಿರುವ ಕಡೆ ಶಾಖ ದಾಟುವುದು, ಕವಾಟಗಳಲ್ಲಿ ಒತ್ತಡ ಇಳಿಯುವುದು ಇವೆಲ್ಲ ಅದರ ಹುಟ್ಟುಸ್ಥಾನಗಳು. ಹುಟ್ಟಿದ ಎಂಟ್ರೊಪಿಯನ್ನು ತಣ್ಣನೆಯ ಕಡೆಯ 303ರಿಂದ ಗುಣಿಸಿದರೆ 166 ಮೆಗಾವಾಟ್ ಬರುತ್ತದೆ. ಕಾಣೆಯಾದ ಕೆಲಸ ಅದೇ.

ಸುಳ್ಳು ಹಿಡಿಯುವುದಕ್ಕೂ ಈ ಪುಸ್ತಕ ಸಾಕು. ಇದೇ ಎರಡು ಉಷ್ಣತೆಗಳ ನಡುವೆ, ಇಷ್ಟೇ ಶಾಖದಿಂದ 400 ಮೆಗಾವಾಟ್ ಕೊಡುವ ಎಂಜಿನ್ ಕಟ್ಟಿದ್ದೇನೆ ಎಂದು ಯಾರಾದರೂ ಬಂದರೆ, ಅವರು ಹೊರಗೆ ಬಿಡುವುದು 200 ಮೆಗಾವಾಟ್, ಅದರ ಎಂಟ್ರೊಪಿ 0.660. ಒಳಬಂದ 0.738ಕ್ಕಿಂತ ಇದು ಕಡಿಮೆ. ಎಂಟ್ರೊಪಿ ಹುಟ್ಟಬಲ್ಲದು, ನಾಶವಾಗಲಾರದು. ಯಂತ್ರದ ನಕ್ಷೆಯನ್ನು ಬಿಡಿಸಿ ನೋಡುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿಗೆ ಅಸೈನ್‌ಮೆಂಟಿನ ಪೂರ್ತಿ ಅಂಕ ಸಿಗುತ್ತದೆ. ಆದರೆ ಪಟ್ಟಿಯ ಒಂದು ಸಾಲನ್ನು ಯಾರೂ ಪ್ರಶ್ನಿಸಲಿಲ್ಲ: ‘ಶಾಖವೆಲ್ಲ 540 ಡಿಗ್ರಿಯಲ್ಲೇ ಒಳಬರುತ್ತದೆ’. ನಿಜವಾದ ಬಾಯ್ಲರಿನಲ್ಲಿ ಹಾಗಿಲ್ಲ. ಅಲ್ಲಿ ನೀರು ಮೊದಲು ಬಿಸಿಯಾಗಬೇಕು, ಆಮೇಲೆ ಕುದಿಯಬೇಕು. 150 ಬಾರ್ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 342 ಡಿಗ್ರಿಯಲ್ಲಿ. ಆವಿ 540 ಮುಟ್ಟುವುದು ಕೊನೆಯ ಹಂತದಲ್ಲಿ ಮಾತ್ರ. ಹೀಗಾಗಿ ಶಾಖದ ಬಹುಪಾಲು ಅದಕ್ಕಿಂತ ತುಂಬಾ ಕಡಿಮೆ ಉಷ್ಣತೆಯಲ್ಲಿ ಆವಿಯೊಳಗೆ ಸೇರುತ್ತದೆ, ಆ ಆವಿಯಿಂದ ತೆಗೆಯಬಹುದಾದ ಕೆಲಸದ ನಿಜವಾದ ಮಿತಿಯೂ ಶೇ 62.7ಕ್ಕಿಂತ ಕೆಳಗೆ ಇಳಿಯುತ್ತದೆ. ಸ್ಥಾವರದ ಎಂಜಿನಿಯರರು ಕಂಡೆನ್ಸರಿನಿಂದ ಬಂದ ನೀರನ್ನು ಟರ್ಬೈನಿನ ನಡುವಿನಿಂದ ತೆಗೆದ ಆವಿಯಲ್ಲಿ ಕಾಯಿಸಿಕೊಂಡೇ ಬಾಯ್ಲರಿಗೆ ಕಳಿಸುವುದು ಇದಕ್ಕಾಗಿ. ಬೆಂಕಿಯ ಶಾಖ ತಣ್ಣನೆಯ ನೀರಿಗೆ ತಗುಲದಂತೆ ನೋಡಿಕೊಂಡರೆ ಸರಾಸರಿ ಉಷ್ಣತೆ ಮೇಲೇರುತ್ತದೆ.

ಈ ಗೃಹೀತ ಎಷ್ಟು ದುಬಾರಿ ಎಂಬುದು ಎರಡನೇ ಲೆಕ್ಕದಲ್ಲಿ ಕೈಗೇ ಸಿಗುತ್ತದೆ. ಒಂದು ಹಾಸ್ಟೆಲಿನ ಗೀಸರಿನಲ್ಲಿ 200 ಲೀಟರ್ ನೀರನ್ನು 27 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದ್ದಾರೆ ಎನ್ನಿ. ಹೊರಗಿನ ಗಾಳಿಯೂ 27 ಡಿಗ್ರಿ. ಪ್ರಶ್ನೆ ಇಷ್ಟೇ: ಈ ಬಿಸಿನೀರಿನಿಂದ ಒಂದು ಎಂಜಿನ್ ನಡೆಸಿದರೆ ಹೆಚ್ಚೆಂದರೆ ಎಷ್ಟು ವಿದ್ಯುತ್ ಮರಳಿ ಸಿಕ್ಕೀತು? ಇಲ್ಲಿನ ಗೃಹೀತಗಳು: 200 ಲೀಟರ್ ಅಂದರೆ 200 ಕಿಲೋ, ನೀರಿನ ವಿಶಿಷ್ಟೋಷ್ಣ ಕಿಲೋಗೆ, ಡಿಗ್ರಿಗೆ 4.18 ಕಿಲೋಜೂಲ್, ಟ್ಯಾಂಕಿನಿಂದ ಶಾಖ ಸೋರುವುದಿಲ್ಲ, ಎಂಜಿನಿನಲ್ಲಿ ಘರ್ಷಣೆ ಇಲ್ಲ.

ನೀರು ಹೀರಿಕೊಂಡ ಶಾಖ 200 × 4.18 × 33, ಅಂದರೆ 27,588 ಕಿಲೋಜೂಲ್. ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ 7.66 ಯೂನಿಟ್. ಅವಸರದ ವಿದ್ಯಾರ್ಥಿ ಬಿಸಿನೀರನ್ನು 333 ಕೆಲ್ವಿನ್ನಿನ ಮೂಲವೆಂದು ಹಿಡಿದು ಕಾರ್ನೊ ಸೂತ್ರಕ್ಕೆ ಹಾಕುತ್ತಾನೆ. ಮಿತಿ ಶೇ 9.9, ಸಿಗುವ ಕೆಲಸ 0.76 ಯೂನಿಟ್.

ತಪ್ಪು ಇರುವುದು ‘ಮೂಲ’ ಎಂದು ಹಿಡಿದಲ್ಲಿ. ಕಾರ್ನೊ ಸೂತ್ರದ ಮೂಲ ಎಷ್ಟು ಶಾಖ ತೆಗೆದರೂ ತಣ್ಣಗಾಗದಷ್ಟು ದೊಡ್ಡದು. ಕೃಷ್ಣಾ ನದಿಯನ್ನು ಹಾಗೆ ಭಾವಿಸಿದರೆ ನಡೆದೀತು, 200 ಲೀಟರಿನ ಟ್ಯಾಂಕನ್ನು ಭಾವಿಸುವಂತಿಲ್ಲ. ಎಂಜಿನ್ ಮೊದಲ ಹನಿ ಶಾಖ ಎಳೆದುಕೊಳ್ಳುವಾಗ ನೀರು 60 ಡಿಗ್ರಿಯಲ್ಲಿರುತ್ತದೆ, ಅರ್ಧ ದಾರಿಯಲ್ಲಿ 43ಕ್ಕೆ ಬಂದಿರುತ್ತದೆ, ಕೊನೆಯಲ್ಲಿ ಗಾಳಿಯಷ್ಟೇ ತಣ್ಣಗಿರುತ್ತದೆ. ಆಗ ದಕ್ಷತೆ ಸೊನ್ನೆ. ಪ್ರತಿ ಕ್ಷಣದ ಶಾಖವನ್ನು ಆ ಕ್ಷಣದ ಉಷ್ಣತೆಯಿಂದ ಭಾಗಿಸಿ ಕೂಡಿಸುತ್ತ ಹೋಗಬೇಕು, ಕಲನಶಾಸ್ತ್ರ ಅದನ್ನು ಒಂದೇ ಲಾಗರಿದಮ್ಮಿನಲ್ಲಿ ಮುಗಿಸುತ್ತದೆ:

ΔS = m c ln(T₁/T₀) = 200 × 4.18 × ln(333/300) = 87.2 kJ/K

ತಣ್ಣಗಾಗುವಾಗ ನೀರು ಕಳೆದುಕೊಳ್ಳುವ ಎಂಟ್ರೊಪಿ ಇಷ್ಟು. ಅದು ನಾಶವಾಗುವಂತಿಲ್ಲವಾದ್ದರಿಂದ ಕನಿಷ್ಠ ಅಷ್ಟನ್ನಾದರೂ 300 ಕೆಲ್ವಿನ್ನಿನ ಗಾಳಿಗೆ ದಾಟಿಸಲೇಬೇಕು. ಅದಕ್ಕೆ ಸುಮಾರು 26,170 ಕಿಲೋಜೂಲ್ ಶಾಖ ಬೇಕು. 27,588ರಲ್ಲಿ ಅದನ್ನು ಕಳೆದರೆ ಕೆಲಸಕ್ಕೆ ಉಳಿಯುವುದು ಹತ್ತಿರ ಹತ್ತಿರ 1,415 ಕಿಲೋಜೂಲ್, ಅಂದರೆ 0.39 ಯೂನಿಟ್. ಅವಸರದ ಉತ್ತರಕ್ಕೆ ಹೋಲಿಸಿದರೆ ಅರ್ಧದಷ್ಟು. ಲೆಕ್ಕ ಸರಿಯಿದೆಯೇ ಎಂದು ನೋಡಲು ಇನ್ನೊಂದು ದಾರಿಯಿದೆ. ಒಟ್ಟು ಶಾಖವನ್ನು ಎಂಟ್ರೊಪಿಯಿಂದ ಭಾಗಿಸಿದರೆ ಸರಾಸರಿ ಉಷ್ಣತೆ 316 ಕೆಲ್ವಿನ್, ಸುಮಾರು 43 ಡಿಗ್ರಿ. ಬಾಯ್ಲರಿನಲ್ಲಿ 540 ಡಿಗ್ರಿಗೆ ಆದ ಗತಿಯೇ ಇಲ್ಲಿ 60 ಡಿಗ್ರಿಗೂ ಆಗಿದೆ.

ಹಾಗಾದರೆ 7.66 ಯೂನಿಟ್ ವಿದ್ಯುತ್ತನ್ನು ಸುರಿದು ಮರಳಿ ಪಡೆಯಲು ಸಾಧ್ಯವಿರುವುದು, ಅದೂ ಘರ್ಷಣೆಯೇ ಇಲ್ಲದ ಎಂಜಿನಿನಲ್ಲಿ, 0.39 ಯೂನಿಟ್. ಗೀಸರಿನಿಂದ ಶಾಖ ಸೋರಿಲ್ಲ, ಶಕ್ತಿಯ ಲೆಕ್ಕದಲ್ಲಿ ಅದರ ದಕ್ಷತೆ ನೂರಕ್ಕೆ ನೂರು. ನಷ್ಟವೆಲ್ಲ ಆದದ್ದು ಕಾಯಿಲ್ ಬಿಸಿಯಾಗಿ ನೀರನ್ನು ಕಾಯಿಸಿದ ಹೊತ್ತಿನಲ್ಲಿ. ಎಂಟ್ರೊಪಿಯೇ ಇಲ್ಲದ ವಿದ್ಯುತ್ ಒಳಬಂತು, 87.2 ಕಿಲೋಜೂಲ್ ಪ್ರತಿ ಕೆಲ್ವಿನ್ ಎಂಟ್ರೊಪಿಯಿರುವ ನೀರು ಹೊರಬಂತು, ಅಷ್ಟೂ ಅಲ್ಲೇ ಹುಟ್ಟಿದ್ದು.

ಒಳ್ಳೆಯ ಅಧ್ಯಾಪಕರು ಈ ಲೆಕ್ಕಕ್ಕೆ ಇನ್ನೊಂದು ಉಪಪ್ರಶ್ನೆ ಸೇರಿಸಬಹುದು: ಇದೇ ನೀರನ್ನು ಹೀಟ್ ಪಂಪಿನಿಂದ ಕಾಯಿಸಿದರೆ? ಹೀಟ್ ಪಂಪ್ ಎಂದರೆ ಹಿಮ್ಮುಖವಾಗಿ ನಡೆಯುವ ಎಂಜಿನ್. ಸ್ವಲ್ಪ ವಿದ್ಯುತ್ ಖರ್ಚು ಮಾಡಿ ಗಾಳಿಯ ಶಾಖವನ್ನೇ ಎತ್ತಿ ನೀರಿಗೆ ಕೊಡುತ್ತದೆ. ಅದು ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುತ್ತದೆ ಎಂದು ಹಿಡಿದರೆ 200 ಲೀಟರಿಗೆ ಬೇಕಾಗುವುದು 2.55 ಯೂನಿಟ್. ಆಗ ಹುಟ್ಟುವ ಎಂಟ್ರೊಪಿ 87ರ ಬದಲು 26ಕ್ಕೆ ಇಳಿಯುತ್ತದೆ. ಸಿದ್ಧಾಂತದ ಮಿತಿಯಾದ 0.39 ಯೂನಿಟ್ಟಿಗೆ ಹೋಲಿಸಿದರೆ ಇದೂ ಆರೂವರೆ ಪಟ್ಟು ಹೆಚ್ಚು. ಕಂಪ್ರೆಸರಿನ ಘರ್ಷಣೆ, ಕವಾಟದಲ್ಲಿ ಇಳಿಯುವ ಒತ್ತಡ, ನೀರಿಗೆ ಶಾಖ ದಾಟಿಸಲು ಬೇಕಾದ ಉಷ್ಣತೆಯ ಅಂತರ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಬೇಕಾದರೆ ‘ಘರ್ಷಣೆ ಇಲ್ಲ’ ಎಂಬ ಸಾಲನ್ನು ಹೊಡೆದುಹಾಕಿ, ಪ್ರತಿ ಭಾಗದ ಒಳಹೊರಗಿನ ಒತ್ತಡ ಮತ್ತು ಉಷ್ಣತೆಯನ್ನು ಅಳೆದು, ಪಟ್ಟಿಯನ್ನು ಮೊದಲಿನಿಂದ ಬರೆಯಬೇಕಾಗುತ್ತದೆ.