ಬಟ್ಟಲಲ್ಲಿ ಉಳಿದ ಹೇರ್ ಡೈ ಎಲ್ಲಿಗೆ?

ಬೈತಲೆಯಲ್ಲಿ ಇಣುಕುವ ನಾಲ್ಕು ಬಿಳಿ ಕೂದಲು ಮರೆಮಾಡಬೇಕಾದರೂ ನಾವು ಇಡೀ ಪ್ಯಾಕೆಟ್ ಕಲಸಿಬಿಡುತ್ತೇವೆ. 20 ಗ್ರಾಂ ಬಣ್ಣದ ಕ್ರೀಮು, 20 ಮಿಲೀ ಡೆವಲಪರ್. ಅರ್ಧ ಹಚ್ಚುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಉಳಿದ ಮೂರ್ನಾಲ್ಕು ಚಮಚ ಕೆಲವರ ಮನೆಯಲ್ಲಿ ಬಚ್ಚಲಿಗೆ ಹೋಗುತ್ತದೆ, ಕೆಲವರಲ್ಲಿ ಕಸದ ಬುಟ್ಟಿಗೆ. ಕೈ ಬಿಗಿಯವರು ಮುಂದಿನ ಸಲಕ್ಕೆಂದು ಪುಟ್ಟ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಮೂರರಲ್ಲಿ ಕೆಟ್ಟದ್ದು ಈ ಕೊನೆಯದೇ.

ಡೆವಲಪರ್‌ನಲ್ಲಿ ಇರುವುದು ಹೈಡ್ರೋಜನ್ ಪೆರಾಕ್ಸೈಡ್, ಸಾಮಾನ್ಯವಾಗಿ ಶೇ 6ರಷ್ಟು. ಕ್ರೀಮಿನಲ್ಲಿರುವ ಪಿಪಿಡಿಯಂಥ ರಾಸಾಯನಿಕಗಳಿಗೆ ಮೊದಲು ಗಾಢ ಬಣ್ಣ ಇರುವುದಿಲ್ಲ. ಪೆರಾಕ್ಸೈಡ್ ಸೇರಿದ ಮೇಲೆ ಅವು ನಿಧಾನವಾಗಿ ಕಪ್ಪಾಗುತ್ತ ಹೋಗುತ್ತವೆ. ಅದಕ್ಕೇ ಕಲಸಿದಾಗ ಬೆಳ್ಳಗಿದ್ದದ್ದು ಅರ್ಧ ಗಂಟೆಯಲ್ಲಿ ಮಸಿಯಾಗುವುದು. ಈ ಕ್ರಿಯೆಯ ಜೊತೆಗೇ ಆಮ್ಲಜನಕ ಗುಳ್ಳೆಗಟ್ಟಿ ಹೊರಬರುತ್ತಿರುತ್ತದೆ. ಬಿಗಿಯಾಗಿ ಮುಚ್ಚಿದರೆ ಡಬ್ಬಿ ಉಬ್ಬುತ್ತದೆ, ಮುಚ್ಚಳ ಸಿಡಿದು ಗೋಡೆ, ಮುಖ ಎಲ್ಲಕ್ಕೂ ಎರಚಬಹುದು. ಸಿಡಿಯದೆ ಉಳಿದರೂ ಆ ಬಣ್ಣ ಮುಂದಿನ ತಿಂಗಳು ಕೂದಲಿಗೆ ಹಿಡಿಯುವುದಿಲ್ಲ. ಅದರ ಆಟ ಬಟ್ಟಲಲ್ಲೇ ಮುಗಿದಿರುತ್ತದೆ.

ಹಾಗೆ ಮುಗಿಯಲು ಬಿಡುವುದೇ ಸುರಕ್ಷಿತ ದಾರಿ. ಬಟ್ಟಲನ್ನು ಮುಚ್ಚದೆ, ಮಕ್ಕಳ ಕೈಗೆ ಎಟುಕದ, ಗಾಳಿಯಾಡುವ ಜಾಗದಲ್ಲಿ ಮರುದಿನದವರೆಗೆ ಇಡಿ. ಗುಳ್ಳೆ ನಿಂತು, ಬಣ್ಣ ಪೂರ್ತಿ ಗಾಢವಾಗಿ, ಅಂಚು ಒಣಗಿ ಬಿರುಕುಬಿಟ್ಟಿದ್ದರೆ ಆಯಿತು ಎಂದರ್ಥ. ಆಮೇಲೆ ಹಳೇ ಪತ್ರಿಕೆಯಿಂದ ಬಳಿದು ತೆಗೆಯಿರಿ, ಇನ್ನೂ ಜಿನುಗುತ್ತಿದ್ದರೆ ಅದೇ ಕಾಗದದಲ್ಲಿ ಒಣಗಲು ಬಿಡಿ. ಬಟ್ಟಲು ಪ್ಲಾಸ್ಟಿಕ್ಕಿನದೋ ಗಾಜಿನದೋ ಆಗಿರಲಿ. ಲೋಹ ಪೆರಾಕ್ಸೈಡನ್ನು ಬೇಗ ಒಡೆಯಬಲ್ಲದು. ಅದಕ್ಕಿಂತ ಹೆಚ್ಚಾಗಿ, ಅಡುಗೆಮನೆಯ ಸ್ಟೀಲ್ ಬಟ್ಟಲು ತೊಳೆದು ಮತ್ತೆ ಅಡುಗೆಮನೆಗೇ ಹೋಗುತ್ತದೆ.

ಬಚ್ಚಲಿಗೆ ಸುರಿದರೆ ಏನು ಎಂದು ಕೇಳುವವರಿದ್ದಾರೆ. ತಲೆ ತೊಳೆದ ನೀರು ಹೇಗೂ ಅಲ್ಲಿಗೇ ಹೋಗುತ್ತದಲ್ಲ? ಹೋಗುತ್ತದೆ, ಅದನ್ನು ತಡೆಯಲಾಗದು. ಆದರೆ ಕೂದಲಿಗೆ ಅಂಟಿ ಉಳಿದ ತೆಳು ಪದರ ಬೇರೆ, ನಾಲ್ಕು ಚಮಚ ಗಟ್ಟಿ ಡೈ ಬೇರೆ. ಪಿಪಿಡಿ ಜಲಚರಗಳಿಗೆ ವಿಷ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಬಚ್ಚಲ ನೀರು ಚರಂಡಿ ಸೇರದೆ ತೆಂಗಿನ ಬುಡಕ್ಕೋ ಬಸಳೆ ಚಪ್ಪರದ ಬುಡಕ್ಕೋ ಹರಿಯುತ್ತದೆ, ಬಾವಿಯೂ ದೂರವಿರುವುದಿಲ್ಲ. ಬಾಟಲಿಯಲ್ಲಿ ಕಲಸದೆ ಉಳಿದ ಒಂದೆರಡು ಚಮಚ ಡೆವಲಪರ್ ಮಾತ್ರ ಬೇರೆ ವಿಷಯ: ಪೆರಾಕ್ಸೈಡ್ ಒಡೆದು ನೀರು, ಆಮ್ಲಜನಕವಾಗುವುದರಿಂದ, ಒಂದು ಬಕೆಟ್ ನೀರಿನಲ್ಲಿ ಬೆರೆಸಿ ಚರಂಡಿಗೆ ಬಿಡಬಹುದು.

ಕೈಗವಸಿನ ವಿಚಾರ ಬಂದಾಗ ಮನೆಯವರಿಗಿಂತ ಪೌರಕಾರ್ಮಿಕರನ್ನು ನೆನೆಯಬೇಕು. ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಪಿಪಿಡಿ ಕುಖ್ಯಾತ, ಅದರಲ್ಲೂ ಪೂರ್ತಿ ಕಪ್ಪಾಗುವ ಮೊದಲು. ಹಸಿ ಡೈ ಮೆತ್ತಿದ ಕೈಗವಸನ್ನು ತರಕಾರಿ ಸಿಪ್ಪೆಯ ಜೊತೆ ಎಸೆದರೆ, ಅದನ್ನು ಬೇರ್ಪಡಿಸುವುದು ಇನ್ನೊಬ್ಬರ ಬರಿಗೈ. ಮಣಿಕಟ್ಟಿನ ಅಂಚು ಹಿಡಿದು ಒಳಮೈ ಹೊರಗಾಗುವಂತೆ ಒಂದನ್ನು ಕಳಚಿ, ಇನ್ನೊಂದರ ಮುಷ್ಟಿಯಲ್ಲಿ ಹಿಡಿದು, ಎರಡನೆಯದನ್ನೂ ಅದರ ಮೇಲೆಯೇ ಮಗುಚಿದರೆ ಬಣ್ಣವೆಲ್ಲ ಒಳಗೆ ಸೇರುತ್ತದೆ. ಒಣಗಿದ ಡೈ ಇರುವ ಕಾಗದವನ್ನೂ ಇದನ್ನೂ ಒಂದೇ ಪೊಟ್ಟಣ ಮಾಡಿ, ಬೆಂಗಳೂರಿನಲ್ಲಾದರೆ ಪ್ಯಾಡ್, ಡೈಪರ್ ಹಾಕುವ ಮೂರನೇ ಚೀಲಕ್ಕೆ, ಕೆಂಪು ಗುರುತು ಹಾಕಿ ಕೊಡಿ. ಹಸಿ ಕಸಕ್ಕೆ ಹಾಕಿದರೆ ಗೊಬ್ಬರ ಕೆಡುತ್ತದೆ, ಒಣ ಕಸಕ್ಕೆ ಹಾಕಿದರೆ ಒಳ್ಳೆಯ ಕಾಗದವೂ ಹಾಳು. ಶುಭ್ರವಾಗಿರುವ ರಟ್ಟಿನ ಪೆಟ್ಟಿಗೆ ಮಾತ್ರ ಒಣ ಕಸ. ಹಳ್ಳಿಗಳಲ್ಲಿ ಸುಲಭದ ದಾರಿ ಎಂದರೆ ಹಂಡೆಯ ಒಲೆ. ದಯವಿಟ್ಟು ಬೇಡ, ಪ್ಲಾಸ್ಟಿಕ್ಕಿನ ಹೊಗೆ ಮನೆಯೊಳಗೇ ಸುತ್ತುತ್ತದೆ.

ಬ್ರಷ್ ಎಸೆಯುವ ಅಗತ್ಯವೇ ಇಲ್ಲ. ಕಾಗದದಿಂದ ಒರೆಸಿ, ಕೈಗವಸು ಕಳಚುವ ಮೊದಲೇ ತೊಳೆದಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಮೂತಿಯಿರುವ ಪ್ಲಾಸ್ಟಿಕ್ ಬಾಟಲಿಗಾದರೆ ಮುಚ್ಚಳ ಹಾಕದೆ, ಒಳಗೆ ಅಂಟಿದ್ದು ಒಣಗಿದ ಮೇಲಷ್ಟೇ ಪೊಟ್ಟಣಕ್ಕೆ ಸೇರಿಸಿ.

ಕೂದಲ ಬಣ್ಣಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಕಲಸಿದ ಡೈ ಅಲ್ಲ, ಅರ್ಧ ಬಳಸಿ ಕನ್ನಡಿಯ ಹಿಂದೆ ಸಿಕ್ಕಿಸಿಟ್ಟ ಕಪ್ಪು ಪುಡಿಯ ಸ್ಯಾಶೆ, ತಳದಲ್ಲಿ ಸ್ವಲ್ಪ ಉಳಿದ ದ್ರವದ ಬಾಟಲಿ. ಪಿಪಿಡಿ ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ಮುಖ, ಕತ್ತು, ಗಂಟಲು ಊದಿಕೊಂಡು ಉಸಿರು ಕಟ್ಟಬಹುದು. ಆಮೇಲೆ ಸ್ನಾಯುಗಳು ಕರಗಿ ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಮೂತ್ರಪಿಂಡ ಸೋಲಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಉಳಿದ ಪುಡಿಯನ್ನು ಸ್ಯಾಶೆಯ ಸಮೇತ ಕಾಗದದಲ್ಲಿ ಸುತ್ತಿ, ಅಂಟುಪಟ್ಟಿ ಹಾಕಿ, ಅದೇ ಕೆಂಪು ಗುರುತಿನ ಚೀಲಕ್ಕೆ ಆ ದಿನವೇ ಸೇರಿಸಿ. ಮಗು ಬಾಯಿಗೆ ಹಾಕಿಕೊಂಡಿದೆ ಎಂಬ ಅನುಮಾನ ಬಂದರೂ ಸಾಕು: ವಾಂತಿ ಮಾಡಿಸಲು ಹೋಗಬೇಡಿ, ಊತಕ್ಕಾಗಿ ಕಾಯಬೇಡಿ, ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.