‘ರಿವರ್ಟ್’ ಎಂದರೆ ಉತ್ತರವೋ, ರದ್ದೋ?

ಕಚೇರಿಯ ಚಾಟ್‌ಗೆ ಹೊಸದಾಗಿ ಸೇರಿದವರನ್ನು ಅಪರಿಚಿತ ಪದಗಳು ಅಷ್ಟಾಗಿ ಕೆಡಿಸುವುದಿಲ್ಲ. LGTM, PTAL, OOO ಎಂಬ ಅಕ್ಷರಗುಚ್ಛ ಕಂಡಾಗ ಅರ್ಥ ತಿಳಿದಿಲ್ಲವೆಂಬುದು ಅವರಿಗೇ ಗೊತ್ತಿರುತ್ತದೆ. ಹುಡುಕುತ್ತಾರೆ, ಇಲ್ಲವೇ ಪಕ್ಕದವರನ್ನು ಕೇಳುತ್ತಾರೆ. ಎಡವಟ್ಟಾಗುವುದು ಗೊತ್ತಿದೆ ಎಂದುಕೊಂಡ ಪದದಲ್ಲಿ. ಅಲ್ಲಿ ಅನುಮಾನವೇ ಹುಟ್ಟದ ಕಾರಣ ಯಾರನ್ನೂ ಕೇಳುವುದಿಲ್ಲ. ಭಾರತದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ‘ರಿವರ್ಟ್’.

ಭಾರತದ ಆಫೀಸು ಇಂಗ್ಲಿಷಿನಲ್ಲಿ ‘ಪ್ಲೀಸ್ ರಿವರ್ಟ್’ ಎಂದರೆ ‘ದಯವಿಟ್ಟು ಉತ್ತರ ಕೊಡಿ’. ಸಿಂಗಾಪುರ, ಮಲೇಷ್ಯಾಗಳ ಕಚೇರಿಗಳಲ್ಲೂ ಈ ಬಳಕೆ ಇದೆ. ಬ್ಯಾಂಕು, ವಿಮೆ, ಮಾರಾಟ ವಿಭಾಗಗಳಲ್ಲಿ ಕೆಲಸ ಮಾಡಿದವರಿಗೆ ಬೇರೆ ಅರ್ಥ ಥಟ್ಟನೆ ಹೊಳೆಯುವುದೇ ಇಲ್ಲ. ಪ್ರೋಗ್ರಾಂ ಬರೆಯುವವರಿಗೆ ಮಾತ್ರ ಅದು ನಿತ್ಯ ಬಳಸುವ ಒಂದು ಆಜ್ಞೆ. Git ಎಂಬ ತಂತ್ರಾಂಶದಲ್ಲಿ `git revert` ಎಂದು ಕೊಟ್ಟರೆ ಹಿಂದೆ ಸೇರಿಸಿದ ಒಂದು ಬದಲಾವಣೆ ರದ್ದಾಗುತ್ತದೆ. ಕಾಲೇಜಿನಿಂದ ನೇರ ಬಂದವರು ಈ ಎರಡನೆಯ ಅರ್ಥವನ್ನು ಪ್ರಾಜೆಕ್ಟ್ ಮಾಡುವಾಗಲೇ ಕಲಿತಿರುತ್ತಾರೆ. ಮೊದಲನೆಯದು ಕಿವಿಗೆ ಬೀಳುವುದು ಕೆಲಸಕ್ಕೆ ಸೇರಿದ ಮೇಲೆ.

ಎರಡೂ ಅರ್ಥ ಒಂದೇ ಚಾಟ್‌ನಲ್ಲಿ ಎದುರಾದರೆ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಪ್ರಸಂಗದಲ್ಲಿ ನೋಡಬಹುದು. ಬೆಂಗಳೂರಿನಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡುವ ಸಣ್ಣ ತಂಡ. ಕೆಲಸಕ್ಕೆ ಸೇರಿ ಎರಡು ವಾರವಾದ ಒಬ್ಬ ಯುವತಿ. ಆ ವಾರ ತಂಡದ ಹಿರಿಯರೊಬ್ಬರು ಒಂದು ಪೈಸೆಯ ತಪ್ಪನ್ನು ಸರಿಪಡಿಸಿದ್ದರು. 249.50 ರೂಪಾಯಿಯ ಸಾಮಾನಿಗೆ ಶೇ. 18 ಜಿಎಸ್‌ಟಿ ಹಾಕಿದರೆ 44.91 ರೂಪಾಯಿ. ಬಿಲ್ಲಿನಲ್ಲಿ ಮಾತ್ರ ತೆರಿಗೆ ಕೇಂದ್ರದ ಪಾಲು, ರಾಜ್ಯದ ಪಾಲು ಎಂದು ಶೇ. 9ರಂತೆ ಎರಡು ಸಾಲಾಗಿ ಬರುತ್ತದೆ. ಪ್ರತಿ ಪಾಲು 22.455. ಅದನ್ನು ಪೈಸೆಗೆ ಸರಿಹೊಂದಿಸಿದರೆ 22.46. ಎರಡೂ ಸೇರಿ 44.92. ಸಾಲುಗಳನ್ನು ಕೂಡಿದರೆ ಬಿಲ್ಲು 294.42 ಆಗಬೇಕು, ಕೆಳಗಿನ ಮೊತ್ತ 294.41 ಎನ್ನುತ್ತಿತ್ತು. ಮೊತ್ತವನ್ನು ಬೇರೆಯಾಗಿ ಲೆಕ್ಕ ಹಾಕದೆ, ಮೇಲಿನ ಸಾಲುಗಳನ್ನೇ ಕೂಡಿ ತೋರಿಸುವಂತೆ ಹಿರಿಯರು ಬದಲಾಯಿಸಿದರು. ಪರೀಕ್ಷಿಸಿ ನೋಡಿದವಳು ಈ ಹೊಸಬಳು.

ಮಧ್ಯಾಹ್ನ ಗ್ರಾಹಕರನ್ನು ನೋಡಿಕೊಳ್ಳುವ ಮ್ಯಾನೇಜರ್ ಚಾಟ್‌ನಲ್ಲಿ ಅವಳ ಹೆಸರು ನಮೂದಿಸಿ ಬರೆದರು: ‘ಪೈಸೆ ಬದಲಾವಣೆ ಬಗ್ಗೆ ಕ್ಲೈಂಟ್ ಕೇಳ್ತಿದ್ದಾರೆ. ಪ್ಲೀಸ್ ರಿವರ್ಟ್ ಆನ್ ದಿಸ್ ಬೈ EOD.’ EOD ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹುಡುಕಿದಳು, ದಿನ ಮುಗಿಯುವುದರೊಳಗೆ ಎಂದು ತಿಳಿಯಿತು. ರಿವರ್ಟ್ ಗೊತ್ತಿತ್ತು, ಹುಡುಕಲಿಲ್ಲ. ಮೇಲಾಗಿ ಇಡೀ ಸಂದೇಶ ಅವಳ ತಪ್ಪು ಓದಿಗೆ ಚೆನ್ನಾಗಿ ಹೊಂದುತ್ತಿತ್ತು. ಬದಲಾವಣೆಯೊಂದು ಆಗಿದೆ, ಗ್ರಾಹಕರು ಅದರ ಬಗ್ಗೆ ಕೇಳುತ್ತಿದ್ದಾರೆ, ಹಾಗಾದರೆ ಅದನ್ನು ವಾಪಸ್ ತೆಗೆಯಲು ಹೇಳಿದ್ದಾರೆ. ಈ ತರ್ಕದಲ್ಲಿ ಬಿರುಕೇ ಕಾಣುವುದಿಲ್ಲ. ಸುತ್ತಲಿನ ಮಾತು ಸಾಮಾನ್ಯವಾಗಿ ಪದದ ಅರ್ಥವನ್ನು ಬಿಡಿಸಿಕೊಡುತ್ತದೆ. ಇಲ್ಲಿ ಅದೇ ತಪ್ಪು ದಾರಿಗೆ ಒತ್ತಾಸೆಯಾಯಿತು.

ಅವಳು ರದ್ದತಿಯನ್ನು ಸಿದ್ಧಪಡಿಸಿ ಪರಿಶೀಲನೆಗೆ ಕಳಿಸಿದಳು. ಪರಿಶೀಲಿಸಿದ ಸಹೋದ್ಯೋಗಿ, ಜೊತೆಗಿದ್ದ ಮ್ಯಾನೇಜರ್ ಸಂದೇಶವನ್ನು ನೋಡಿ ಒಪ್ಪಿಗೆ ಕೊಟ್ಟ. ಅವನೂ ಪ್ರೋಗ್ರಾಮರ್, ಅವನ ತಲೆಯಲ್ಲೂ ಅದೇ ಅರ್ಥ. ಪರಿಶೀಲನೆ ಎಂಬುದು ಕೆಲಸವನ್ನು ಸರಿಯಾಗಿ ಮಾಡಿದ್ದಾರೆಯೇ ಎಂದು ನೋಡುತ್ತದೆ. ಆ ಕೆಲಸ ಬೇಕಿತ್ತೇ ಎಂಬ ಪ್ರಶ್ನೆ ಅಲ್ಲಿ ಏಳುವುದು ಅಪರೂಪ. ಸಂಜೆ ಐದಕ್ಕೆ ಅವಳು ಚಾಟ್‌ನಲ್ಲಿ ‘ಡನ್ ಮೇಡಂ’ ಎಂದಳು. ಗ್ರಾಹಕರಿಗೆ ಉತ್ತರ ಹೋಯಿತು ಎಂದುಕೊಂಡ ಮ್ಯಾನೇಜರ್ ಹೆಬ್ಬೆರಳಿನ ಗುರುತು ಒತ್ತಿದರು. ಇಬ್ಬರೂ ನೆಮ್ಮದಿಯಾಗಿ ಮನೆಗೆ ಹೋದರು.

ಇಡೀ ಪ್ರಸಂಗದಲ್ಲಿ ಗಮನಿಸಬೇಕಾದ ಜಾಗ ಈ ‘ಡನ್’. ಎದುರುಬದುರು ನಿಂತು ಮಾತಾಡುವಾಗ ತಪ್ಪು ತಿಳಿವಳಿಕೆ ಬಹಳ ದೂರ ಸಾಗುವುದಿಲ್ಲ. ಕೇಳುಗರ ಮುಖ, ಅವರ ಮುಂದಿನ ಮಾತು, ಒಂದು ‘ಹಾಂ?’ ಸಾಕು, ಹೇಳಿದವರು ಅಲ್ಲೇ ತಿದ್ದುತ್ತಾರೆ. ಮನೋವಿಜ್ಞಾನಿ ಹರ್ಬರ್ಟ್ ಕ್ಲಾರ್ಕ್ ಮತ್ತು ಸೂಸನ್ ಬ್ರೆನನ್ 1991ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾರೆ. ಮಾತು ಅರ್ಥವಾಯಿತು ಎಂಬುದಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಪುರಾವೆ ಕೊಡುತ್ತಲೇ ಸಂಭಾಷಣೆ ಮುಂದುವರಿಯುತ್ತದೆ. ಆ ಪುರಾವೆ ಕೊಡುವ ಶ್ರಮ ಮಾಧ್ಯಮದಿಂದ ಮಾಧ್ಯಮಕ್ಕೆ ಬೇರೆ. ತಲೆಯಾಡಿಸಲು ಶ್ರಮವಿಲ್ಲ, ಟೈಪ್ ಮಾಡಲು ಇದೆ. ಹಾಗಾಗಿ ಚಾಟ್‌ನಲ್ಲಿ ಪುರಾವೆ ಕುಗ್ಗಿ ಕುಗ್ಗಿ ಒಂದು ಪದಕ್ಕೆ, ಒಂದು ಚಿಹ್ನೆಗೆ ಇಳಿಯುತ್ತದೆ. ‘ಡನ್’ ಎಂಬ ಪದ ಎರಡು ಅರ್ಥಕ್ಕೂ ಹೊಂದುವ ಉತ್ತರವಾದ್ದರಿಂದ ಯಾವುದನ್ನೂ ಬಯಲು ಮಾಡಲಿಲ್ಲ. ಅವಳು ‘ಬದಲಾವಣೆ ವಾಪಸ್ ತೆಗೆದಿದ್ದೇನೆ ಮೇಡಂ’ ಎಂದಿದ್ದರೆ ಮ್ಯಾನೇಜರ್ ಆ ಕ್ಷಣವೇ ಹೌಹಾರಿ ಫೋನ್ ಮಾಡುತ್ತಿದ್ದರು.

ಮರುದಿನ ಪರೀಕ್ಷಾ ಸರ್ವರ್‌ನಲ್ಲಿ ಅದೇ ಬಿಲ್ಲು ಮತ್ತೆ 294.41 ತೋರಿಸಿತು. ಹಿರಿಯರಿಗೆ ಮೊದಲು ಬಂದ ಅನುಮಾನ, ಬೇರೆ ಯಾರದೋ ಕೆಲಸ ಸೇರಿಸುವಾಗ ತಮ್ಮ ಸಾಲುಗಳು ಕಳೆದುಹೋದವೇನೋ ಎಂದು. ಅರ್ಧ ಗಂಟೆ ಅದರಲ್ಲೇ ಕಳೆಯಿತು. ಆಮೇಲೆ ಇತಿಹಾಸ ತೆಗೆದು ನೋಡಿದರು:

```
9c1e7ab Revert "Fix total rounding in invoice"
4f20d3e Fix total rounding in invoice
```

ಆಕಸ್ಮಿಕವಾಗಿ ಅಳಿಸಿಹೋದ ಕೆಲಸಕ್ಕೂ ಬೇಕೆಂದೇ ರದ್ದು ಮಾಡಿದ್ದಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಮೊದಲನೆಯದಕ್ಕೆ ಹೀಗೆ ಹೆಸರು ಹೊತ್ತ ಸಾಲು ಇರುವುದಿಲ್ಲ. ಎರಡನೆಯದರಲ್ಲಿ ಯಾರು, ಯಾವಾಗ ಎಂಬುದೂ ದಾಖಲಾಗಿರುತ್ತದೆ.

‘ಇದನ್ನ ಯಾಕಮ್ಮ ವಾಪಸ್ ತೆಗೆದ್ರಿ?’

‘ಮೇಡಂ ರಿವರ್ಟ್ ಮಾಡಿ ಅಂತ ಹಾಕಿದ್ರಲ್ಲ ಸರ್.’

ಹಿರಿಯರು ಚಾಟ್ ತೆಗೆದು ಓದಿದರು. ಎರಡು ಅರ್ಥವೂ ಗೊತ್ತಿದ್ದ ಅವರಿಗೆ ಒಂದೇ ನೋಟಕ್ಕೆ ಸಂಗತಿ ತಿಳಿಯಿತು. ರಿಪೇರಿ ಸುಲಭವಾಗಿತ್ತು. `git revert` ಹಳೆಯದನ್ನು ಅಳಿಸುವುದಿಲ್ಲ. ಅದಕ್ಕೆ ವಿರುದ್ಧವಾದ ಹೊಸ ಬದಲಾವಣೆಯೊಂದನ್ನು ಮೇಲೆ ಸೇರಿಸುತ್ತದೆ. ಆ ರದ್ದತಿಯನ್ನೇ ರದ್ದು ಮಾಡಿದರೆ ಮೂಲ ತಿದ್ದುಪಡಿ ಮರಳಿ ಬರುತ್ತದೆ:

```
git revert 9c1e7ab
```

ಅಂಗಡಿಗಳು ಬಳಸುವ ಸರ್ವರ್‌ಗೆ ಏನೂ ಹೋಗಿರಲಿಲ್ಲ. ನಿಜವಾಗಿ ಉಳಿದ ನಷ್ಟ, ಗ್ರಾಹಕರಿಗೆ ಒಂದು ದಿನ ಉತ್ತರ ಹೋಗದಿದ್ದದ್ದು. ಅವರು ಕೇಳಿದ್ದು ತಿದ್ದುಪಡಿ ಯಾವಾಗ ಸಿಗುತ್ತದೆ ಎಂದಷ್ಟೇ. ಆ ಉತ್ತರವನ್ನು ಮ್ಯಾನೇಜರ್ ಆಮೇಲೆ ತಾವೇ ಕಳಿಸಿದರು.

ಇಂಥದ್ದಕ್ಕೆ ಪದಕೋಶದ ಪಟ್ಟಿ ಅಂಟಿಸುವುದು ಅನೇಕ ತಂಡಗಳ ರೂಢಿ. ಅಕ್ಷರಗುಚ್ಛಗಳಿಗೆ ಅದು ಉಪಯುಕ್ತ; ಗೊತ್ತಿದೆ ಎಂದುಕೊಂಡ ಪದವನ್ನು ಪಟ್ಟಿಯಲ್ಲಿ ಯಾರೂ ಹುಡುಕುವುದಿಲ್ಲ ಎಂಬುದೇ ಅದರ ಮಿತಿ. ಇದಕ್ಕಿಂತ ಗಟ್ಟಿಯಾದ ಕ್ರಮ ವಿಮಾನಯಾನದಲ್ಲಿದೆ. ನಿಯಂತ್ರಣ ಕೇಂದ್ರ ಕೊಟ್ಟ ಎತ್ತರ, ರನ್‌ವೇ ಮುಂತಾದ ಸೂಚನೆಗಳನ್ನು ಪೈಲಟ್ ‘ಸರಿ’ ಎಂದು ಮುಗಿಸದೆ ತಿರುಗಿ ಹೇಳಬೇಕು, ನಿಯಂತ್ರಕರು ಅದನ್ನು ಕೇಳಿ ತಾಳೆ ನೋಡಬೇಕು. ಚಾಟ್‌ನಲ್ಲಿ ಎಲ್ಲದಕ್ಕೂ ಹಾಗೆ ಮಾಡಲು ಹೋದರೆ ಕೆಲಸ ಸಾಗದು. ಯಾವುದನ್ನಾದರೂ ಅಳಿಸುವ, ನಿಲ್ಲಿಸುವ, ಹಿಂದೆ ತೆಗೆಯುವ ಕೆಲಸಕ್ಕೆ ಮಾತ್ರ ಅದನ್ನು ಇಟ್ಟುಕೊಂಡರೆ ಸಾಕು. ಹೊಸಬರು ಶುರು ಮಾಡುವ ಮೊದಲು ‘ಪೈಸೆ ತಿದ್ದುಪಡಿ ತೆಗೆದು ಹಳೆಯದನ್ನೇ ಇಡ್ತಿದ್ದೀನಿ, ಸರಿನಾ ಮೇಡಂ?’ ಎಂದು ಬರೆಯಬೇಕು. ಮ್ಯಾನೇಜರ್ ಕೂಡ ಪ್ರೋಗ್ರಾಮರ್‌ಗಳಿರುವ ಗುಂಪಿನಲ್ಲಿ ‘ರಿವರ್ಟ್’ ಬಿಟ್ಟು ‘ರಿಪ್ಲೈ’ ಎನ್ನಬಹುದು, ಯಾರಿಗೆ ಉತ್ತರಿಸಬೇಕೆಂಬುದನ್ನೂ ಸೇರಿಸಬಹುದು. ಆ ತಂಡದ ಮ್ಯಾನೇಜರ್ ಅಂದಿನಿಂದ ‘ಕ್ಲೈಂಟ್‌ಗೆ ಮೇಲ್ ಕಳಿಸಿ’ ಎಂದೇ ಬರೆಯತೊಡಗಿದರು.